ಟ್ರಸ್ಟ್‌ಗೆ ಬಂದ ದೇಣಿಗೆ, ದತ್ತಿ, ಬಾಡಿಗೆ: ತೆರಿಗೆ ಯಾವುದಕ್ಕೆ, ವಿನಾಯಿತಿ ಯಾವುದಕ್ಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಯಾರಿಗೆ? ಯಾವ ವರ್ಷದ ಲೆಕ್ಕಕ್ಕೆ?

ಮೈಸೂರು, ಮಂಡ್ಯ ಕಡೆಯ ಸಣ್ಣ ಟ್ರಸ್ಟ್‌ಗಳ ಖಜಾಂಚಿಗಳಿಗೆ ಮತ್ತು ಕಾರ್ಯದರ್ಶಿಗಳಿಗೆ. ವಿದ್ಯಾರ್ಥಿನಿಲಯ, ಉಚಿತ ಪಾಠ, ಅನ್ನದಾಸೋಹ, ದತ್ತಿ ಬಹುಮಾನ, ಹೀಗೆ ವರ್ಷಕ್ಕೆ ಹತ್ತಿಪ್ಪತ್ತು ಲಕ್ಷ ಕೈಯಾಡುವ ಸಂಸ್ಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕೋಟಿಗಟ್ಟಲೆ ವಹಿವಾಟಿನ ಕಾಲೇಜು, ಆಸ್ಪತ್ರೆಗಳಿಗೆ ಬೇರೆ ಆಡಿಟರ್‌ಗಳೇ ಇರುತ್ತಾರೆ.

ಇಲ್ಲಿನ ಸೆಕ್ಷನ್ ಮತ್ತು ಫಾರಂ ಸಂಖ್ಯೆಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2025-26ರ ಲೆಕ್ಕಕ್ಕೆ ಅದೇ ಅನ್ವಯ. 2026ರ ಏಪ್ರಿಲ್ 1ರಿಂದ ಆಗುವ ವಹಿವಾಟಿಗೆ 2025ರ ಹೊಸ ಕಾಯ್ದೆ ಬಂದಿದೆ. ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಆದಾಯದ ಶೇ. 85 ಖರ್ಚು ಮಾಡಬೇಕೆಂಬ ನಿಯಮದಂಥ ಮೂಲ ಚೌಕಟ್ಟು ಹಾಗೇ ಉಳಿದಿದೆ.

ಮನೆಯವರು ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ ಅಂತಾರೆ. ಟ್ರಸ್ಟ್‌ಗೆ ಕೊಟ್ಟದ್ದೂ ಉಡುಗೊರೆಯೇ ಅಲ್ಲವೇ?

ಅಲ್ಲ. ಎರಡಕ್ಕೂ ದಾರಿ ಬೇರೆ.

ವ್ಯಕ್ತಿಗೆ ಬಂದ ಉಡುಗೊರೆಗೆ 56(2)(x) ಸೆಕ್ಷನ್. ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ಬಂದರೆ, ಮಿತಿ ದಾಟಿದ ಭಾಗಕ್ಕೆ ಮಾತ್ರವಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ. ಮದುವೆಯಲ್ಲಿ ಮದುಮಕ್ಕಳಿಗೆ ಬಂದ ಮುಯ್ಯಿ, ಉಯಿಲಿನಿಂದ ಬಂದದ್ದು, ಸಂಬಂಧಿಕರು ಕೊಟ್ಟದ್ದು ಇದರಿಂದ ಹೊರಗೆ. ಆದರೆ ‘ಸಂಬಂಧಿಕರು’ ಯಾರು ಎಂಬ ಪಟ್ಟಿ ಪಡೆಯುವವರ ಕಡೆಯಿಂದ ನೋಡುವಂಥದ್ದು. ಸೋದರಮಾವ ಅಳಿಯನಿಗೆ ಒಂದು ಲಕ್ಷ ಕೊಟ್ಟರೆ ತೆರಿಗೆ ಇಲ್ಲ, ಏಕೆಂದರೆ ತಾಯಿಯ ಅಣ್ಣತಮ್ಮಂದಿರು ಪಟ್ಟಿಯಲ್ಲಿದ್ದಾರೆ. ಅದೇ ಅಳಿಯ ಮಾವನಿಗೆ ಒಂದು ಲಕ್ಷ ಕೊಟ್ಟರೆ ಮಾವನಿಗೆ ತೆರಿಗೆ, ಏಕೆಂದರೆ ಅಕ್ಕತಂಗಿಯರ ಮಕ್ಕಳು ಪಟ್ಟಿಯಲ್ಲಿಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಪರಸ್ಪರ ಕೊಟ್ಟುಕೊಂಡರೂ ಹೀಗೇ.

ಟ್ರಸ್ಟ್ ವಿಷಯದಲ್ಲಿ ಕಾನೂನು ಶುರುವಾಗುವುದೇ ತಿರುಗಿ. ದತ್ತಿ ಅಥವಾ ಧಾರ್ಮಿಕ ಉದ್ದೇಶದ ಟ್ರಸ್ಟ್‌ಗೆ ಬಂದ ದೇಣಿಗೆ ಆದಾಯವೇ ಎಂದು 2(24)(iia) ಸೆಕ್ಷನ್ ಹೇಳುತ್ತದೆ. ಆಮೇಲೆ ನೋಂದಣಿ ಇದ್ದು, ಷರತ್ತು ಪಾಲಿಸಿದರೆ 11 ಮತ್ತು 12ನೇ ಸೆಕ್ಷನ್‌ಗಳು ಅದನ್ನು ತೆರಿಗೆಯಿಂದ ಬಿಡುತ್ತವೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಾಯಿಸಿದ್ದೇವೆ, ಇನ್ನೇನು ತೆರಿಗೆ ಎನ್ನುವವರು ಬಹಳ. ಆ ನೋಂದಣಿ ಟ್ರಸ್ಟ್ ಹುಟ್ಟಿದ್ದಕ್ಕೆ ದಾಖಲೆ. ತೆರಿಗೆ ವಿನಾಯಿತಿಗೆ ಬೇಕಾದದ್ದು 12ಎಬಿ ನೋಂದಣಿ. ಅದನ್ನು ಕೊಡುವವರು ಬೆಂಗಳೂರಿನ ಆದಾಯ ತೆರಿಗೆ ಆಯುಕ್ತರು (ವಿನಾಯಿತಿ ವಿಭಾಗ).

ಇನ್ನು ಟ್ರಸ್ಟ್‌ನಿಂದ ಹಣ ಪಡೆಯುವ ಹುಡುಗ ಹುಡುಗಿಯರ ಮಾತು. ಓದಿನ ಖರ್ಚಿಗೆ ಕೊಟ್ಟ ವಿದ್ಯಾರ್ಥಿವೇತನಕ್ಕೆ 10(16) ಪ್ರಕಾರ ತೆರಿಗೆ ಇಲ್ಲ. ಐವತ್ತು ಸಾವಿರ ದಾಟಿದರೆ ಮಕ್ಕಳಿಗೆ ತೊಂದರೆ ಎಂದು 49,000ಕ್ಕೆ ಚೆಕ್ ಬರೆಯುವ ಅಭ್ಯಾಸ ಬೇಕಿಲ್ಲ.

ಕೆಲವು ಸಂಸ್ಥೆಗಳಿಗೆ ವಿನಾಯಿತಿ ಸಿಗುತ್ತದೆ, ಕೆಲವಕ್ಕೆ ಇಲ್ಲ. ಯಾಕೆ?

ಒಳ್ಳೆಯ ಕೆಲಸ ಮಾಡುತ್ತಿದ್ದರೆ ಸಾಲದು. ಆ ಕೆಲಸ 2(15) ಸೆಕ್ಷನ್ನಿನ ಯಾವ ಗೂಡಿಗೆ ಸೇರುತ್ತದೆ ಎಂಬುದು ಮೊದಲ ಪ್ರಶ್ನೆ. ಬಡವರ ನೆರವು, ಶಿಕ್ಷಣ, ಯೋಗ, ವೈದ್ಯಕೀಯ ನೆರವು, ಪರಿಸರ ಮತ್ತು ಸ್ಮಾರಕಗಳ ರಕ್ಷಣೆ ಇವು ಹೆಸರಿಟ್ಟು ಹೇಳಿದ ಗೂಡುಗಳು. ಉಳಿದದ್ದೆಲ್ಲ ‘ಸಾರ್ವಜನಿಕ ಉಪಯೋಗದ ಇತರ ಉದ್ದೇಶ’. ಈ ಕೊನೆಯ ಗೂಡಿಗೆ ಬಿದ್ದವರಿಗೆ ಒಂದು ಹೆಚ್ಚಿನ ಕಟ್ಟು ಇದೆ: ವ್ಯಾಪಾರದ ಸ್ವರೂಪದ ಚಟುವಟಿಕೆ ಉದ್ದೇಶ ಸಾಧನೆಯ ಭಾಗವಾಗಿಯೇ ನಡೆಯಬೇಕು, ಅದರಿಂದ ಬರುವ ಮೊತ್ತ ಆ ವರ್ಷದ ಒಟ್ಟು ಸ್ವೀಕೃತಿಯ ಶೇ. 20 ದಾಟಬಾರದು.

ಗೂಡು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಮೊಕದ್ದಮೆಯೇ ಇದೆ. ‘ಸಂಯುಕ್ತ ಕರ್ನಾಟಕ’ ಪತ್ರಿಕೆ ನಡೆಸುತ್ತಿದ್ದ ಲೋಕ ಶಿಕ್ಷಣ ಟ್ರಸ್ಟ್, ಜನರಿಗೆ ತಿಳಿವಳಿಕೆ ಕೊಡುವುದೂ ಶಿಕ್ಷಣವೇ ಎಂದು ವಾದಿಸಿತ್ತು. 1975ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತೆರಿಗೆ ಕಾನೂನಿನ ‘ಶಿಕ್ಷಣ’ ಅಂದರೆ ಎಳೆಯರನ್ನು ಬದುಕಿನ ಕೆಲಸಕ್ಕೆ ಅಣಿಗೊಳಿಸುವ ಕ್ರಮಬದ್ಧ ಬೋಧನೆ, ತರಬೇತಿ ಎಂದಿತು. ಪತ್ರಿಕೆ ನಡೆಸುವುದು ಉಳಿದ ಗೂಡಿಗೆ ಹೋಯಿತು, ಲಾಭದ ಚಟುವಟಿಕೆ ಎಂಬ ಕಾರಣಕ್ಕೆ ವಿನಾಯಿತಿ ತಪ್ಪಿತು. ಇವತ್ತಿಗೂ ಇದೇ ಅಳತೆ. ಕ್ರಮವಾಗಿ ತರಗತಿ ನಡೆಸುವ ಟ್ರಸ್ಟ್ ಶಿಕ್ಷಣದ ಗೂಡಿನಲ್ಲಿ, ವರ್ಷಕ್ಕೆ ನಾಲ್ಕು ವಿಚಾರ ಸಂಕಿರಣ ಮಾಡುವ ವೇದಿಕೆ ಸಾಮಾನ್ಯವಾಗಿ ಉಳಿದ ಗೂಡಿನಲ್ಲಿ.

ಎರಡನೆಯ ಪ್ರಶ್ನೆ, ಫಲ ಯಾರಿಗೆ? 1962ರ ಏಪ್ರಿಲ್ ನಂತರ ಹುಟ್ಟಿದ ದತ್ತಿ ಟ್ರಸ್ಟ್ ಒಂದು ನಿರ್ದಿಷ್ಟ ಧರ್ಮ ಅಥವಾ ಜಾತಿಯವರಿಗೇ ಮೀಸಲಾದರೆ 13(1)(b) ಅಡಿ ವಿನಾಯಿತಿ ಇಲ್ಲ. ‘ನಮ್ಮ ಸಮಾಜದ ವಿದ್ಯಾರ್ಥಿಗಳಿಗೆ’ ಎಂದು ಡೀಡ್‌ನಲ್ಲಿ ಬರೆದ ಎಷ್ಟೋ ವಿದ್ಯಾರ್ಥಿನಿಲಯಗಳು ಎಡವುವುದು ಇಲ್ಲೇ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇದ್ದರೆ ಈ ಅಡ್ಡಿ ಇಲ್ಲ, ಕಾನೂನೇ ಹಾಗೆ ವಿವರಣೆ ಕೊಟ್ಟಿದೆ.

ಸರ್ಕಾರದ ಹಣದಲ್ಲೇ ಬಹುಪಾಲು ನಡೆಯುವ ವಿಶ್ವವಿದ್ಯಾಲಯಗಳಿಗೆ ಮತ್ತು ಶಿಕ್ಷಣಕ್ಕಾಗಿಯೇ ಇದ್ದು ವರ್ಷದ ಸ್ವೀಕೃತಿ 5 ಕೋಟಿ ದಾಟದ ಲಾಭರಹಿತ ಶಾಲೆಗಳಿಗೆ 10(23ಸಿ) ಎಂಬ ಬೇರೆ ಬಾಗಿಲಿದೆ. ‘ಶಿಕ್ಷಣಕ್ಕಾಗಿಯೇ’ ಅಂದರೆ ಡೀಡ್‌ನಲ್ಲಿ ಬೇರೆ ಯಾವ ಉದ್ದೇಶವೂ ಇರಬಾರದು ಎಂದು 2022ರ ನ್ಯೂ ನೋಬಲ್ ಎಜುಕೇಷನಲ್ ಸೊಸೈಟಿ ತೀರ್ಪು ಬಿಗಿ ಮಾಡಿದೆ. ಹಳೆಯ ಡೀಡ್‌ಗಳಲ್ಲಿ ಶಾಲೆಯ ಜೊತೆ ಗೋಶಾಲೆ, ಕಲ್ಯಾಣ ಮಂಟಪ ಎಲ್ಲವನ್ನೂ ಪೋಣಿಸಿರುತ್ತಾರೆ. ಅಂಥವರಿಗೆ 12ಎಬಿ ದಾರಿಯೇ ಸರಿ.

ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ತೋರಿಸಬಹುದೇ?

ಮಂಡ್ಯದಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಊಟ, ವಸತಿ ಕೊಡುವ ಒಂದು ಟ್ರಸ್ಟ್ ಇದೆ ಎಂದಿಟ್ಟುಕೊಳ್ಳಿ. 12ಎಬಿ ನೋಂದಣಿ ಮತ್ತು ದಾನಿಗೆ ತೆರಿಗೆ ಕಡಿತ ಕೊಡಿಸುವ 80ಜಿ ಅನುಮೋದನೆ ಎರಡೂ ಇವೆ. 2025-26ರಲ್ಲಿ ಬಂದದ್ದು ಇಷ್ಟು:

- ಸಾಮಾನ್ಯ ದೇಣಿಗೆ 9,00,000 (ಇದರಲ್ಲಿ ಬಾಗಿಲ ಬಳಿಯ ಗೋಲಕದಿಂದ 1,40,000)
- ಮುಂಭಾಗದ ಎರಡು ಮಳಿಗೆಗಳ ಬಾಡಿಗೆ 4,80,000
- ಠೇವಣಿ ಬಡ್ಡಿ 2,20,000
- ಹಳೆಯ ವಿದ್ಯಾರ್ಥಿಯೊಬ್ಬರು ತಂದೆಯ ಹೆಸರಿನಲ್ಲಿ ಇಟ್ಟ ದತ್ತಿ 5,00,000

ಒಟ್ಟು 21 ಲಕ್ಷ. ಇದರಲ್ಲಿ ಮೂರು ತರಹದ ಹಣ ಇದೆ: ದತ್ತಿಯ ಮೂಲಧನ, ಹೆಸರಿಲ್ಲದ ಗೋಲಕದ ಹಣ, ಉಳಿದದ್ದು. ಒಂದೊಂದಾಗಿ ನೋಡೋಣ.

ದತ್ತಿಯ 5 ಲಕ್ಷವೂ ಆದಾಯವೇ?

ದಾನಿ ಬರವಣಿಗೆಯಲ್ಲಿ ‘ಇದು ಟ್ರಸ್ಟ್‌ನ ಶಾಶ್ವತ ನಿಧಿಗೆ, ಬಡ್ಡಿಯನ್ನು ಮಾತ್ರ ಬಳಸುವುದು’ ಎಂದು ಸೂಚಿಸಿದ್ದರೆ, ಆ ಹಣವನ್ನು ಶಾಶ್ವತ ನಿಧಿಯ ಹೆಸರಿನಲ್ಲೇ 11(5)ರಲ್ಲಿ ಹೇಳಿದ ಕಡೆ ಹೂಡಿದ್ದರೆ, 11(1)(d) ಪ್ರಕಾರ ಅದು ಲೆಕ್ಕದಿಂದ ಹೊರಗೆ. ಶೇ. 85 ಖರ್ಚು ಮಾಡಬೇಕೆಂಬ ನಿಯಮ ಅದಕ್ಕೆ ತಾಗುವುದಿಲ್ಲ.

ಸೂಚನೆ ದಾನಿಯದ್ದಾಗಿರಬೇಕು ಎಂಬುದು ಇಲ್ಲಿ ಮುಖ್ಯ. ಮಾರ್ಚ್ ಕೊನೆಯಲ್ಲಿ ಖರ್ಚು ಕಡಿಮೆ ಬಿತ್ತು ಎಂದು ಗೊತ್ತಾದ ಮೇಲೆ ಟ್ರಸ್ಟಿಗಳು ಸಭೆ ಸೇರಿ, ‘ಇಂಥವರ ದೇಣಿಗೆಯನ್ನು ಶಾಶ್ವತ ನಿಧಿಗೆ ವರ್ಗಾಯಿಸಲಾಯಿತು’ ಎಂದು ನಿರ್ಣಯ ಬರೆದರೆ ಅದು ನಿಲ್ಲುವುದಿಲ್ಲ. ರಸೀದಿ ಪುಸ್ತಕದಲ್ಲಿ ‘ಶಾಶ್ವತ ನಿಧಿಗೆ’ ಎಂಬ ಒಂದು ಚೌಕ ಮುದ್ರಿಸಿ, ದಾನಿಯ ಸಹಿ ಅಲ್ಲೇ ಹಾಕಿಸಿಕೊಳ್ಳುವುದು ಸುಲಭದ ದಾರಿ.

ಆ 5 ಲಕ್ಷದಿಂದ ಮುಂದೆ ಬರುವ ಬಡ್ಡಿ ಮಾತ್ರ ಮಾಮೂಲಿ ಆದಾಯವೇ. ಇನ್ನೊಂದು: ಶಾಶ್ವತ ನಿಧಿಯನ್ನು ಮುರಿದು ಮಂಚ, ಕಂಪ್ಯೂಟರ್ ಕೊಂಡರೆ ಅದು ಆ ವರ್ಷದ ಖರ್ಚಾಗಿ ಎಣಿಕೆಗೆ ಬಾರದು. ಅಷ್ಟೇ ಹಣವನ್ನು ಆದಾಯದಿಂದ ತೆಗೆದು 5 ವರ್ಷದೊಳಗೆ ಮತ್ತೆ ನಿಧಿಗೆ ತುಂಬಿದಾಗ, ತುಂಬಿದ ವರ್ಷದ ಖರ್ಚೆಂದು ಎಣಿಸುತ್ತಾರೆ. ಸಾಲ ತೆಗೆದು ಮಾಡಿದ ಖರ್ಚಿಗೂ ಇದೇ ರೀತಿ, ಸಾಲ ತೀರಿಸಿದ ವರ್ಷಕ್ಕೆ ಎಣಿಕೆ.

ಗೋಲಕದ ಹಣಕ್ಕೆ ತೆರಿಗೆ ಇದೆಯಂತೆ, ನಿಜವೇ?

ಭಾಗಶಃ ನಿಜ. ಕೊಟ್ಟವರ ಹೆಸರು, ವಿಳಾಸ ದಾಖಲೆಯಲ್ಲಿಲ್ಲದ ದೇಣಿಗೆಗೆ 115ಬಿಬಿಸಿ ಸೆಕ್ಷನ್. ಒಟ್ಟು ದೇಣಿಗೆಯ ಶೇ. 5 ಅಥವಾ 1,00,000 ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಬಿಟ್ಟು, ಉಳಿದದ್ದಕ್ಕೆ ನೇರ ಶೇ. 30 ತೆರಿಗೆ.

ನಮ್ಮ ಉದಾಹರಣೆಯಲ್ಲಿ ದತ್ತಿಯೂ ಸೇರಿ ಒಟ್ಟು ದೇಣಿಗೆ 14 ಲಕ್ಷ. ಅದರ ಶೇ. 5 ಅಂದರೆ 70,000. ಒಂದು ಲಕ್ಷವೇ ಹೆಚ್ಚು, ಆದ್ದರಿಂದ ಅಷ್ಟು ಬಿಡುತ್ತಾರೆ. ಗೋಲಕದ 1,40,000ದಲ್ಲಿ ಉಳಿದ 40,000ಕ್ಕೆ 12,000 ತೆರಿಗೆ, ಅದರ ಮೇಲೆ ಶೇ. 4 ಸೆಸ್ 480, ಒಟ್ಟು 12,480. ಗೋಲಕದ ಹಣವನ್ನು ಪೂರ್ತಿ ಮಕ್ಕಳ ಊಟಕ್ಕೇ ಖರ್ಚು ಮಾಡಿದ್ದರೂ ಈ ತೆರಿಗೆ ತಪ್ಪದು.

ತಪ್ಪಿಸುವ ದಾರಿ ಗೋಲಕದ ಪಕ್ಕದಲ್ಲೇ ಇದೆ. ಒಂದು ದಾಖಲೆ ಪುಸ್ತಕ ಇಟ್ಟು, ನೂರು ಇನ್ನೂರು ಕೊಡುವವರಿಂದಲೂ ಹೆಸರು, ವಿಳಾಸ ಬರೆಸಿಕೊಂಡರೆ ಅದು ಅನಾಮಧೇಯ ಆಗುವುದಿಲ್ಲ. ಈ ಸೆಕ್ಷನ್‌ಗೆ ಪ್ಯಾನ್ ಬೇಕಿಲ್ಲ. ‘ಭಕ್ತರು’, ‘ಹಿತೈಷಿಗಳು’ ಎಂದು ಬರೆದ ಪುಸ್ತಕದಿಂದ ಪ್ರಯೋಜನವಿಲ್ಲ. ಹಾಗೆಯೇ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ಯುಪಿಐ ಸಂಖ್ಯೆ ಕಾಣಿಸಿದರೂ ಹೆಸರು, ವಿಳಾಸ ನೀವೇ ಹಿಡಿದಿಡಬೇಕು. ಕ್ಯೂಆರ್ ಕೋಡ್ ಅಂಟಿಸಿದ ಮೇಲೆ ಈ ತೊಡಕು ಹೆಚ್ಚಾಗಿದೆ.

ಹಾಗಾದರೆ ದೇವಸ್ಥಾನದ ಹುಂಡಿ?

ಸಂಪೂರ್ಣ ಧಾರ್ಮಿಕ ಉದ್ದೇಶದ ಟ್ರಸ್ಟ್‌ಗೆ 115ಬಿಬಿಸಿ ಅನ್ವಯಿಸುವುದಿಲ್ಲ. ಹುಂಡಿಗೆ ಹಾಕುವವರು ಹೆಸರು ಬರೆದು ಹಾಕುವುದಿಲ್ಲ ಎಂಬುದು ಕಾನೂನು ಮಾಡಿದವರಿಗೂ ಗೊತ್ತು. ಧರ್ಮ ಮತ್ತು ದತ್ತಿ ಎರಡೂ ಇರುವ ಮಠದಂಥ ಸಂಸ್ಥೆಗೆ, ‘ನಮ್ಮ ಶಾಲೆಗೆ’ ಅಥವಾ ‘ಆಸ್ಪತ್ರೆಗೆ’ ಎಂದು ಗುರುತಿಸಿ ಬಂದ ಅನಾಮಧೇಯ ಹಣಕ್ಕೆ ಮಾತ್ರ ತೆರಿಗೆ. ಹಾಗಾಗಿ ಮಠದ ಆವರಣದ ಶಾಲೆಯಲ್ಲಿ ಪ್ರತ್ಯೇಕ ಗೋಲಕ ಇಡುವಾಗ ಯೋಚಿಸಿ.

ಉಳಿದ ಹಣದಲ್ಲಿ ಎಷ್ಟು ಖರ್ಚು ಮಾಡಬೇಕು?

ದತ್ತಿ ಬಿಟ್ಟು 16,00,000. ಗೋಲಕದ 40,000 ಬೇರೆ ತೆರಿಗೆಗೆ ಹೋಯಿತು. ಉಳಿದದ್ದು 15,60,000. ಇದರ ಶೇ. 85 ಅಂದರೆ 13,26,000 ರೂಪಾಯಿ ಅದೇ ವರ್ಷ ಟ್ರಸ್ಟ್‌ನ ಉದ್ದೇಶಕ್ಕೆ, ಭಾರತದೊಳಗೆ ಖರ್ಚಾಗಿರಬೇಕು. ಶೇ. 15, ಅಂದರೆ 2,34,000, ಯಾವ ಕಾರಣವನ್ನೂ ಕೊಡದೆ ಉಳಿಸಿಕೊಳ್ಳಬಹುದು.

ಬಾಡಿಗೆಗೆ ಮನೆ ಮಾಲೀಕರಿಗೆ ಸಿಗುವ ಶೇ. 30 ಕಡಿತ ಇಲ್ಲಿಲ್ಲ. ಬಂದ ಬಾಡಿಗೆ, ನಿಜವಾಗಿ ಆದ ಖರ್ಚು, ಇಷ್ಟೇ ಲೆಕ್ಕ.

ಖಜಾಂಚಿ ಪುಸ್ತಕದಲ್ಲಿ 13,60,000 ಖರ್ಚು ತೋರಿಸಿದ್ದಾರೆ. ಸಾಕಲ್ಲವೇ?

ಸಾಲದು. ಪುಸ್ತಕದ ಖರ್ಚು ಬೇರೆ, ಕಾನೂನು ಎಣಿಸುವ ಖರ್ಚು ಬೇರೆ. ಪುಸ್ತಕ ಹೀಗಿದೆ: ದಿನಸಿ, ತರಕಾರಿ, ಗ್ಯಾಸ್ 6,10,000, ಅಡುಗೆಯವರು ಮತ್ತು ವಾರ್ಡನ್ ಸಂಬಳ 3,60,000, ಮಂಚ, ಕಂಪ್ಯೂಟರ್ 1,80,000, ಚಾವಣಿ ರಿಪೇರಿ 1,50,000, ಮೈಸೂರಿನ ಇನ್ನೊಂದು ನೋಂದಾಯಿತ ಟ್ರಸ್ಟ್‌ಗೆ ಕೊಟ್ಟ ದೇಣಿಗೆ 60,000.

ದಿನಸಿಯಲ್ಲಿ ಮಾರ್ಚ್ ತಿಂಗಳ ಬಿಲ್ 70,000 ಏಪ್ರಿಲ್‌ನಲ್ಲಿ ಕಟ್ಟಿದ್ದು. 2021-22ರಿಂದ ಈಚೆಗೆ ಕೈಯಿಂದ ಹೋದ ಹಣಕ್ಕೆ ಮಾತ್ರ ಎಣಿಕೆ, ಬಾಕಿ ಬಿಲ್‌ಗಿಲ್ಲ. ಇನ್ನೊಂದು ದಿನ ಅಂಗಡಿಯವರಿಗೆ 25,000 ನಗದು ಕೊಟ್ಟಿದ್ದಾರೆ. ಒಬ್ಬರಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟರೆ ಅಷ್ಟೂ ಬಿಟ್ಟುಹೋಗುತ್ತದೆ. ಹೀಗೆ 6,10,000ದಲ್ಲಿ ಎಣಿಕೆಗೆ ಬರುವುದು 5,15,000.

ಸಂಬಳ ಪೂರ್ತಿ ಎಣಿಕೆ. ಮಂಚ, ಕಂಪ್ಯೂಟರ್ ಕೊಂಡದ್ದೂ ಪೂರ್ತಿ ಎಣಿಕೆ, ಆಸ್ತಿ ಕೊಳ್ಳುವುದೂ ಖರ್ಚೇ. ಆದರೆ ಅದೇ ಮಂಚಕ್ಕೆ ಮುಂದಿನ ವರ್ಷಗಳಲ್ಲಿ ಸವಕಳಿ ತೋರಿಸುವಂತಿಲ್ಲ. ಚಾವಣಿ ರಿಪೇರಿಯ 1,50,000ಕ್ಕೆ ಕಂಟ್ರಾಕ್ಟರ್ ಹಣದಲ್ಲಿ 194ಸಿ ಪ್ರಕಾರ ಟಿಡಿಎಸ್ ಹಿಡಿದಿದ್ದಾರೆ, ಹಾಗಾಗಿ ಪೂರ್ತಿ ಎಣಿಕೆ. ಮರೆತಿದ್ದರೆ ಶೇ. 30, ಅಂದರೆ 45,000, ಬಿಟ್ಟುಹೋಗುತ್ತಿತ್ತು. ಮೇಸ್ತ್ರಿಯೊಬ್ಬರಿಗೆ ಕೊಡುವ ಹಣದಲ್ಲಿ ಟಿಡಿಎಸ್ ಹಿಡಿಯಬೇಕೆಂಬುದು ಸಣ್ಣ ಟ್ರಸ್ಟ್‌ಗಳಲ್ಲಿ ಯಾರಿಗೂ ಹೊಳೆಯುವುದಿಲ್ಲ. ಒಂದೇ ಪಾವತಿ 30,000 ಅಥವಾ ವರ್ಷದ ಒಟ್ಟು 1,00,000 ದಾಟಿದರೆ ಹಿಡಿಯಲೇಬೇಕು.

ಇನ್ನೊಂದು ಟ್ರಸ್ಟ್‌ಗೆ ಕೊಟ್ಟ 60,000ದಲ್ಲಿ ಶೇ. 85, ಅಂದರೆ 51,000 ಮಾತ್ರ ಎಣಿಕೆ. ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಪ್ರತಿ ಮಜಲಿನಲ್ಲೂ ಶೇ. 15 ಉಳಿಸಿಕೊಳ್ಳುವ ಸರಪಳಿಯನ್ನು ತಡೆಯಲು 2023ರಲ್ಲಿ ತಂದ ಬದಲಾವಣೆ ಇದು. ಶಾಶ್ವತ ನಿಧಿಗೆಂದು ಕೊಟ್ಟಿದ್ದರೆ ಒಂದು ರೂಪಾಯಿಯೂ ಎಣಿಕೆಗೆ ಬರುತ್ತಿರಲಿಲ್ಲ.

ಎಲ್ಲ ಕೂಡಿ 12,56,000. ಬೇಕಾದದ್ದು 13,26,000. ಕೊರತೆ 70,000.

ಕೊರತೆ ಬಿದ್ದರೆ ತೆರಿಗೆ ಕಟ್ಟಲೇಬೇಕೇ?

ಸುಮ್ಮನಿದ್ದರೆ ಕಟ್ಟಬೇಕು. ಅನುಮತಿ ಇಲ್ಲದೆ ಶೇ. 15 ಮೀರಿ ಉಳಿಸಿದ ಹಣಕ್ಕೆ 115ಬಿಬಿಐ ಅಡಿ ಶೇ. 30. ಇಲ್ಲಿ 70,000ಕ್ಕೆ 21,000 ತೆರಿಗೆ, 840 ಸೆಸ್, ಒಟ್ಟು 21,840. ಇದಕ್ಕೆ ಮೂಲ ವಿನಾಯಿತಿ ಮಿತಿಯ ಲಾಭವೂ ಇಲ್ಲ. ಹಿಂದಿನ ವರ್ಷ ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಿದ್ದೆವಲ್ಲ, ಅದನ್ನು ಇಲ್ಲಿಗೆ ಹೊಂದಿಸಿ ಎಂದು ಕೇಳುವ ದಾರಿಯೂ ಮುಚ್ಚಿದೆ.

ಆದರೆ ಎರಡು ಫಾರಂ ಇವೆ. ಫಾರಂ 9ಎ ಅಂದರೆ, ಈ ವರ್ಷ ಆಗಲಿಲ್ಲ, ಮುಂದಿನ ವರ್ಷ ಖರ್ಚು ಮಾಡುತ್ತೇವೆ, ಅದನ್ನು ಈ ವರ್ಷದ್ದೆಂದು ಪರಿಗಣಿಸಿ ಎಂಬ ಕೋರಿಕೆ. ನಮ್ಮ ಟ್ರಸ್ಟ್‌ಗೆ ಇದೇ ಸರಿ, ಏಕೆಂದರೆ ಏಪ್ರಿಲ್‌ನಲ್ಲೇ ದಿನಸಿ ಬಾಕಿ 70,000 ಕಟ್ಟಿಯಾಗಿದೆ. ಹಾಗೆ ಮಾಡಿದ ಮೇಲೆ ಅದೇ 70,000ವನ್ನು ಮುಂದಿನ ವರ್ಷದ ಖರ್ಚಿನಲ್ಲಿ ಮತ್ತೆ ಎಣಿಸಬಾರದು.

ಫಾರಂ 10 ದೊಡ್ಡ ಯೋಜನೆಗಳಿಗೆ. ಹೊಸ ಊಟದ ಮನೆ ಕಟ್ಟಬೇಕು ಎಂದಿದ್ದರೆ 5 ವರ್ಷದವರೆಗೆ ಹಣ ಕೂಡಿಡಬಹುದು. ಉದ್ದೇಶ ಸ್ಪಷ್ಟವಾಗಿರಬೇಕು. ಡೀಡ್‌ನ ಉದ್ದೇಶಗಳನ್ನೆಲ್ಲ ನಕಲು ಮಾಡಿ ‘ಟ್ರಸ್ಟ್‌ನ ಧ್ಯೇಯಗಳಿಗಾಗಿ’ ಎಂದು ಬರೆದರೆ ತಕರಾರು ಖಚಿತ. ಹೀಗೆ ಕೂಡಿಟ್ಟದ್ದನ್ನು ಇನ್ನೊಂದು ಟ್ರಸ್ಟ್‌ಗೆ ದಾಟಿಸುವಂತಿಲ್ಲ. ಅವಧಿಯೊಳಗೆ ಖರ್ಚಾಗದಿದ್ದರೆ ತೆರಿಗೆ.

ಎರಡೂ ಫಾರಂಗಳನ್ನು ರಿಟರ್ನ್ ಗಡುವಿಗೆ ಎರಡು ತಿಂಗಳು ಮೊದಲೇ, ಅಂದರೆ ಆಗಸ್ಟ್ 31ರೊಳಗೆ ಸಲ್ಲಿಸಬೇಕು. ರಿಟರ್ನ್ ಗಡುವಾದ ಅಕ್ಟೋಬರ್ 31ರೊಳಗೆ ಬಂದರೂ ನಿರಾಕರಿಸುವುದಿಲ್ಲ ಎಂದು ಕೇಂದ್ರ ನೇರ ತೆರಿಗೆ ಮಂಡಳಿ ಸಿಬಿಡಿಟಿ 2023ರ 6ನೇ ಸುತ್ತೋಲೆಯಲ್ಲಿ ಸಡಿಲಿಸಿದೆ. ಆಡಿಟ್ ವರದಿಯ ಗಡುವು ಸೆಪ್ಟೆಂಬರ್ 30: ಆದಾಯ 5 ಕೋಟಿ ಮೀರಿದವರಿಗೆ ಅಥವಾ ವಿದೇಶಿ ದೇಣಿಗೆ ಪಡೆದವರಿಗೆ ಫಾರಂ 10ಬಿ, ನಮ್ಮಂಥ ಟ್ರಸ್ಟ್‌ಗೆ ಫಾರಂ 10ಬಿಬಿ. ಫಾರಂ ತಪ್ಪಿ ಆಡಿಟ್ ಮಾಡಿಸಿದರೆ ಆಡಿಟ್ ಆಗಿಲ್ಲ ಎಂದೇ ನೋಟಿಸ್ ಬರಬಹುದು.

ಉಳಿದ ಹಣವನ್ನು ಎಲ್ಲಿ ಇಡಬಹುದು? ಪತ್ತಿನ ಸಹಕಾರ ಸಂಘದಲ್ಲಿ ಬಡ್ಡಿ ಜಾಸ್ತಿ ಕೊಡುತ್ತಾರೆ.

ಬಡ್ಡಿ ಜಾಸ್ತಿ ಹೌದು, ಅಲ್ಲಿಡಬೇಡಿ. 11(5)ರ ಪಟ್ಟಿಯಲ್ಲಿ ಶೆಡ್ಯೂಲ್ಡ್ ಬ್ಯಾಂಕ್, ಬ್ಯಾಂಕಿಂಗ್ ವ್ಯವಹಾರ ಮಾಡುವ ಸಹಕಾರಿ ಬ್ಯಾಂಕ್, ಅಂಚೆ ಉಳಿತಾಯ, ಸರ್ಕಾರಿ ಪತ್ರಗಳು, ಸ್ಥಿರಾಸ್ತಿ ಮುಂತಾದವಿವೆ. ಸದಸ್ಯರಿಗೆ ಸಾಲ ಕೊಡುವ ಪತ್ತಿನ ಸಂಘ ಬ್ಯಾಂಕ್ ಅಲ್ಲ. ಹೊರಗೆ ಒಂದೇ ಬಗೆಯ ಬೋರ್ಡ್ ಕಂಡರೂ, ರಿಸರ್ವ್ ಬ್ಯಾಂಕ್ ಪರವಾನಗಿ ಇದೆಯೇ ಎಂದು ಕೇಳಿ ಠೇವಣಿ ಇಡಿ. ಚೀಟಿ, ಕೈಸಾಲ, ಟ್ರಸ್ಟಿಯ ಕಂಪನಿಯ ಷೇರು ಇವೆಲ್ಲ ಪಟ್ಟಿಯ ಹೊರಗೆ.

ಟ್ರಸ್ಟಿಗಳ ಮಗಳಿಗೆ ವಾರ್ಡನ್ ಕೆಲಸ ಕೊಡಬಹುದೇ?

ಕೊಡಬಹುದು, ಕೆಲಸಕ್ಕೆ ತಕ್ಕ ಸಂಬಳ ಇದ್ದರೆ. ಸ್ಥಾಪಕರು, ಟ್ರಸ್ಟಿಗಳು, ಅವರ ಸಂಬಂಧಿಕರು, ದೊಡ್ಡ ದಾನಿಗಳು 13(3)ರ ಪಟ್ಟಿಯಲ್ಲಿದ್ದಾರೆ. ಇವರಿಗೆ ವಿಶೇಷ ಲಾಭ ಹೋಗಬಾರದು. ಊರಿನಲ್ಲಿ 15,000 ಸಂಬಳದ ಕೆಲಸಕ್ಕೆ 40,000 ಕೊಟ್ಟರೆ ಹೆಚ್ಚಿನ ಭಾಗಕ್ಕೆ ಶೇ. 30 ತೆರಿಗೆ. ಟ್ರಸ್ಟ್‌ನ ಮಳಿಗೆಯನ್ನು ಟ್ರಸ್ಟಿಯ ತಮ್ಮನಿಗೆ ಪುಕ್ಕಟೆ ಬಿಟ್ಟುಕೊಟ್ಟರೂ ಅದೇ. ದೊಡ್ಡ ದಾನಿ ಎಂದರೆ ಮೊದಲು ಒಟ್ಟು 50,000 ಮೀರಿ ಕೊಟ್ಟವರೆಲ್ಲ ಆಗಿದ್ದರು. 2025ರ ಏಪ್ರಿಲ್‌ನಿಂದ ಆ ವರ್ಷ 1 ಲಕ್ಷ ಅಥವಾ ಈವರೆಗೆ ಒಟ್ಟು 10 ಲಕ್ಷ ಮೀರಿ ಕೊಟ್ಟವರು ಮಾತ್ರ.

ದಾನಿಗೆ 80ಜಿ ಅಡಿ ಎಷ್ಟು ಸಿಗುತ್ತದೆ?

ನಮ್ಮಂಥ ಟ್ರಸ್ಟ್‌ಗೆ ಕೊಟ್ಟರೆ ಕೊಟ್ಟದ್ದರ ಅರ್ಧ, ಅದೂ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ. 10ರ ಮಿತಿಯೊಳಗೆ. 8 ಲಕ್ಷ ಆದಾಯದವರು 1 ಲಕ್ಷ ಕೊಟ್ಟರೆ 80,000 ಮಾತ್ರ ಲೆಕ್ಕಕ್ಕೆ, ಕಡಿತ 40,000. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಏನೂ ಇಲ್ಲ. ಇದನ್ನು ದಾನಿಗೆ ಮೊದಲೇ ಹೇಳುವುದು ಒಳ್ಳೆಯದು, ಜುಲೈನಲ್ಲಿ ಬೇಸರವಾಗುವುದಕ್ಕಿಂತ.

ನಗದಾಗಿ 2,000 ಮೀರಿದರೆ ಕಡಿತ ಇಲ್ಲ. ಅದೇ ಕಾಯ್ದೆಯ 269ಎಸ್‌ಟಿ ಸೆಕ್ಷನ್ ಅಡಿ, ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದೇ ನಿಷಿದ್ಧ, ದಂಡ ಪಡೆದಷ್ಟೇ ಮೊತ್ತ, ಅದನ್ನು ಕಟ್ಟುವುದು ಟ್ರಸ್ಟ್.

ಈಗ ರಸೀದಿ ಒಂದರಿಂದ ಕೆಲಸ ಆಗದು. ಟ್ರಸ್ಟ್ ಮೇ 31ರೊಳಗೆ ದಾನಿಗಳ ಪಟ್ಟಿಯನ್ನು ಫಾರಂ 10ಬಿಡಿಯಲ್ಲಿ ಸಲ್ಲಿಸಿ, ಪೋರ್ಟಲ್‌ನಿಂದ ಇಳಿಯುವ ಫಾರಂ 10ಬಿಇ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ, ಜೊತೆಗೆ 10,000ದಿಂದ 1 ಲಕ್ಷದವರೆಗೆ ದಂಡದ ಅವಕಾಶವಿದೆ. ಪ್ಯಾನ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ದಾನಿಯ ಕಡಿತ ಬೀಳುತ್ತದೆ. ರಸೀದಿ ಬರೆಯುವಾಗಲೇ ಪ್ಯಾನ್ ಕಾರ್ಡ್ ನೋಡಿ ಬರೆದುಕೊಳ್ಳಿ, ಫೋನಿನಲ್ಲಿ ಕೇಳಿ ಬರೆದದ್ದರಲ್ಲೇ ‘ಬಿ’, ‘ಡಿ’, ‘ಪಿ’ ಅದಲುಬದಲಾಗುವುದು.

ರೈತರು ಅಕ್ಕಿ ಮೂಟೆ ಕೊಡುತ್ತಾರೆ. ಒಬ್ಬರು ಗದ್ದೆಯನ್ನೇ ಬರೆದುಕೊಟ್ಟಿದ್ದಾರೆ. ಅದಕ್ಕೆ?

ಅಕ್ಕಿ, ಬೆಲ್ಲ, ಬಟ್ಟೆಯ ರೂಪದ ದೇಣಿಗೆಗೆ ದಾನಿಗೆ 80ಜಿ ಇಲ್ಲ. ಟ್ರಸ್ಟ್ ಮಾತ್ರ ದಾಸ್ತಾನು ಪುಸ್ತಕದಲ್ಲಿ ಬಂದದ್ದು, ಬಳಸಿದ್ದು ಬರೆದಿಡಬೇಕು.

ಗದ್ದೆಯಲ್ಲಿ ಬೆಳೆದ ಭತ್ತ, ಕಬ್ಬಿನ ಆದಾಯ ಕೃಷಿ ಆದಾಯ. ಟ್ರಸ್ಟ್‌ಗೂ ಅದು 10(1) ಅಡಿ ತೆರಿಗೆಯಿಂದ ಹೊರಗೆ. ದತ್ತಿ ಟ್ರಸ್ಟ್‌ಗಳಿಗೆ 10ನೇ ಸೆಕ್ಷನ್ನಿನ ಬೇರೆ ವಿನಾಯಿತಿಗಳನ್ನು ಬಹುತೇಕ ಮುಚ್ಚಿದ್ದರೂ ಇದನ್ನು ತೆರೆದೇ ಇಟ್ಟಿದ್ದಾರೆ. ಆದರೆ ಸಕ್ಕರೆ ಕಾರ್ಖಾನೆಯ ಬಿಲ್, ಪಹಣಿ, ಕೂಲಿ ಲೆಕ್ಕ ಇಲ್ಲದೆ ‘ಕೃಷಿ ಆದಾಯ’ ಎಂದು ದೊಡ್ಡ ಮೊತ್ತ ತೋರಿಸಿದರೆ ಅದನ್ನು ಮೂಲ ತಿಳಿಯದ ಹಣವೆಂದು ನೋಡುತ್ತಾರೆ.

12ಎಬಿ ನವೀಕರಣ ಮರೆತೆವು. ಏನಾಗುತ್ತದೆ?

2021ರ ಮರುನೋಂದಣಿಯಲ್ಲಿ 5 ವರ್ಷಕ್ಕೆ ಸಿಕ್ಕ ಪ್ರಮಾಣಪತ್ರಗಳು 2026ರ ಮಾರ್ಚ್ 31ಕ್ಕೆ ಮುಗಿದಿವೆ. ನವೀಕರಣಕ್ಕೆ ಫಾರಂ 10ಎಬಿ ಹಾಕುವ ಗಡುವು ಅದಕ್ಕೆ ಆರು ತಿಂಗಳು ಮೊದಲೇ, 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿತ್ತು. ಪ್ರಮಾಣಪತ್ರದ ಕೊನೆಯ ದಿನವನ್ನೇ ಗಡುವು ಎಂದುಕೊಂಡವರು ತಪ್ಪಿಸಿಕೊಂಡಿದ್ದಾರೆ.

ಇದು ಬರೀ ಒಂದು ವರ್ಷದ ವಿನಾಯಿತಿಯ ಮಾತಲ್ಲ. ಗಡುವಿನೊಳಗೆ ಅರ್ಜಿ ಹಾಕದಿದ್ದರೆ 115ಟಿಡಿ ಪ್ರಕಾರ ಟ್ರಸ್ಟ್‌ನ ಎಲ್ಲ ಆಸ್ತಿಯ ಮಾರುಕಟ್ಟೆ ಬೆಲೆಯಿಂದ ಸಾಲ ಕಳೆದು, ಉಳಿದದ್ದಕ್ಕೆ ಗರಿಷ್ಠ ದರದಲ್ಲಿ ತೆರಿಗೆ ಕೇಳಬಹುದು. ಐವತ್ತು ವರ್ಷದ ಹಿಂದೆ ದಾನವಾಗಿ ಬಂದ ನಿವೇಶನಕ್ಕೆ ಇವತ್ತಿನ ಬೆಲೆ ಹಿಡಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ಸೂಕ್ತ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ 2024ರ ಅಕ್ಟೋಬರ್ 1ರಿಂದ ಆಯುಕ್ತರಿಗೇ ಬಂದಿದೆ. ಅರ್ಜಿಯ ಜೊತೆ ಕಾರಣಕ್ಕೆ ಆಧಾರ ಕೊಡಬೇಕು: ಕಾರ್ಯದರ್ಶಿಯ ಅನಾರೋಗ್ಯವಾದರೆ ಆಸ್ಪತ್ರೆ ದಾಖಲೆ, ಹಳೆಯ ಇಮೇಲ್‌ಗೆ ಸಂದೇಶ ಹೋಗಿತ್ತೆಂದರೆ ಪೋರ್ಟಲ್‌ನ ವಿವರದ ಪ್ರತಿ. 2025ರ ಏಪ್ರಿಲ್ 1ರ ನಂತರ ಅರ್ಜಿ ಹಾಕಿದ ಸಣ್ಣ ಟ್ರಸ್ಟ್‌ಗಳಿಗೆ, ಹಿಂದಿನ ಎರಡೂ ವರ್ಷ ಆದಾಯ 5 ಕೋಟಿ ಮೀರದಿದ್ದರೆ, ನವೀಕರಣ 10 ವರ್ಷಕ್ಕೆ ಸಿಗುತ್ತದೆ. ಹೊಸ ಟ್ರಸ್ಟ್‌ನ ತಾತ್ಕಾಲಿಕ ನೋಂದಣಿ ಮಾತ್ರ 3 ವರ್ಷಕ್ಕೇ. ಕೆಲಸ ಶುರುವಾಗಿ ಆರು ತಿಂಗಳೊಳಗೆ, ಅಥವಾ ಅವಧಿ ಮುಗಿಯಲು ಆರು ತಿಂಗಳಿರುವಾಗ, ಯಾವುದು ಮೊದಲೋ ಆಗ ಕಾಯಂ ನೋಂದಣಿಗೆ ಅರ್ಜಿ ಹಾಕಬೇಕು.

80ಜಿ ಅನುಮೋದನೆಗೆ ಬೇರೆ ಅರ್ಜಿ, ಬೇರೆ ಅವಧಿ. ಒಂದನ್ನು ನವೀಕರಿಸಿದರೆ ಇನ್ನೊಂದು ತಾನಾಗಿ ನವೀಕರಣ ಆಗುವುದಿಲ್ಲ. ಎರಡೂ ಆದೇಶಗಳ ಪ್ರತಿ ಮತ್ತು ಕೊನೆಯ ವರ್ಷವನ್ನು ರಸೀದಿ ಪುಸ್ತಕದ ಒಳಹೊದಿಕೆಗೆ ಅಂಟಿಸಿಡಿ. ಡೀಡ್‌ನ ಉದ್ದೇಶಗಳನ್ನು ತಿದ್ದಿದರೆ 30 ದಿನದೊಳಗೆ ಮತ್ತೆ ಫಾರಂ 10ಎಬಿ ಹಾಕಬೇಕು ಎಂಬುದನ್ನೂ ಅಲ್ಲೇ ಬರೆದುಕೊಳ್ಳಿ.